ಅಂಕ ಜಾಸ್ತಿ ಹಾಕಿ ಅಂತ ಆಡಳಿತ ಮಂಡಳಿಯೇ ಹೇಳಿದರೆ ಏನು ಮಾಡಬೇಕು?

ಪ್ರಶ್ನೆ: ನಾನು ಖಾಸಗಿ ಅನುದಾನರಹಿತ ಶಾಲೆಯಲ್ಲಿ ಮೂರು ವರ್ಷದಿಂದ ಗಣಿತ ಪಾಠ ಮಾಡುತ್ತಿದ್ದೇನೆ. ರಾಜ್ಯ ಪಠ್ಯಕ್ರಮದ ಶಾಲೆ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ 9ನೇ ತರಗತಿಯ ಒಬ್ಬ ಹುಡುಗನಿಗೆ 80ಕ್ಕೆ 41 ಬಂತು. ಟ್ಯೂಷನ್ ಟೆಸ್ಟ್‌ನಲ್ಲಿ ಅವನಿಗೆ 25ಕ್ಕೆ 23 ಬರುತ್ತದಂತೆ. ನಾನು ಬೇಕಂತಲೇ ಕಡಿಮೆ ಹಾಕಿದ್ದೇನೆ ಅಂತ ಅವನ ತಾಯಿ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಬರೆದರು, ಆಮೇಲೆ ಸೆಕ್ರೆಟರಿಯವರ ಹತ್ತಿರ ಹೋದರು. ಸೆಕ್ರೆಟರಿಯವರು ನನ್ನ ಮಾತನ್ನೂ ಕೇಳದೆ "ಒಂದು ಹತ್ತು ಹನ್ನೆರಡು ಅಂಕ ಹಾಕಿ ಮುಗಿಸಿ ಮಿಸ್, ಅವರ ಇನ್ನಿಬ್ಬರು ಮಕ್ಕಳೂ ಇಲ್ಲೇ ಓದ್ತಿದ್ದಾರೆ" ಅಂದರು. ಎಚ್ಎಂ ಸುಮ್ಮನೆ ಕೂತಿದ್ದರು. ಒಪ್ಪದಿದ್ದರೆ ಕೆಲಸ ಹೋಗುತ್ತದಾ? ಒಪ್ಪಿದರೆ ನಾಳೆ ನನ್ನ ತಲೆಗೇ ಬರುತ್ತದಾ? ರಾಜೀನಾಮೆ ಕೊಟ್ಟುಬಿಡಲಾ?

ಉತ್ತರ: ಮೇಡಂ, ಇವತ್ತು ರಾಜೀನಾಮೆ ಬರೆಯಬೇಡಿ. ಅಂಕವಹಿಯಲ್ಲಿ ಒಂದು ಅಂಕಿಯನ್ನೂ ತಿದ್ದಬೇಡಿ. ಗ್ರೂಪಿನಲ್ಲಿ ಉತ್ತರವನ್ನೂ ಕೊಡಬೇಡಿ. ಈ ಮೂರನ್ನು ತಡೆದುಕೊಂಡರೆ ಉಳಿದದ್ದಕ್ಕೆ ನಿಮಗೆ ಸಮಯ ಸಿಗುತ್ತದೆ.

ನಾನು ಬಹಳ ವರ್ಷ ಗಣಿತ ಹೇಳಿಕೊಟ್ಟು, ಆಮೇಲೆ ಮುಖ್ಯಶಿಕ್ಷಕನಾಗಿ, ಎಸ್ಸೆಸ್ಸೆಲ್ಸಿ ಮೌಲ್ಯಮಾಪನ ಕೇಂದ್ರಗಳಲ್ಲೂ ಕೆಲಸ ಮಾಡಿ ನಿವೃತ್ತನಾದವನು. ಇಂಥ ಜಗಳವನ್ನು ಮೇಜಿನ ಎರಡೂ ಕಡೆ ಕೂತು ನೋಡಿದ್ದೇನೆ. ಇಲ್ಲಿ ಎರಡು ಪ್ರಶ್ನೆಗಳು ಗಂಟು ಬಿದ್ದಿವೆ. ಆ 41 ಸರಿಯಾ ಅನ್ನುವುದು ಒಂದು. ಅದನ್ನು ಬದಲಿಸುವ ಅಧಿಕಾರ ಯಾರದು ಅನ್ನುವುದು ಇನ್ನೊಂದು. ಸೆಕ್ರೆಟರಿಯವರು ಮೊದಲನೆಯದನ್ನು ಕೇಳದೆ ಎರಡನೆಯದಕ್ಕೆ ಹಾರಿದ್ದಾರೆ. ನೀವೂ ಹಾಗೇ ಮಾಡಬೇಡಿ. ಮೊದಲು 41ನ್ನು ನೋಡೋಣ.

ನಿಮಗೆ ಇಷ್ಟವಾಗದ ಮಾತು ಮೊದಲು ಹೇಳಿಬಿಡುತ್ತೇನೆ. ಗಣಿತದಲ್ಲಿ ಯಾರು ತಿದ್ದಿದರೂ ಅಷ್ಟೇ ಅಂಕ ಬರುತ್ತದೆ ಅಂತ ನಾವು ಗಣಿತದವರು ನಂಬಿರುತ್ತೇವೆ. ಅದು ನಿಜವಲ್ಲ. ಅಮೆರಿಕದ ಡೇನಿಯಲ್ ಸ್ಟಾರ್ಚ್ ಮತ್ತು ಎಡ್ವರ್ಡ್ ಎಲಿಯಟ್ ಅನ್ನುವವರು 1913ರಲ್ಲಿ ಒಂದೇ ರೇಖಾಗಣಿತದ ಉತ್ತರ ಪತ್ರಿಕೆಯನ್ನು ನೂರಕ್ಕೂ ಹೆಚ್ಚು ಶಿಕ್ಷಕರಿಂದ ತಿದ್ದಿಸಿದರು. ನೂರಕ್ಕೆ 30ಕ್ಕಿಂತ ಕಡಿಮೆ ಕೊಟ್ಟವರೂ ಇದ್ದರು, 90 ದಾಟಿಸಿದವರೂ ಇದ್ದರು. ಒಬ್ಬರು ಹಂತಕ್ಕೆ ಅಂಕ ಕೊಡುತ್ತಾರೆ, ಇನ್ನೊಬ್ಬರು ಕೊನೆಯ ಉತ್ತರಕ್ಕೆ. ಒಬ್ಬರು ಅಂದ ಚೆಂದವಿಲ್ಲ ಅಂತ ಕಳೆಯುತ್ತಾರೆ, ಇನ್ನೊಬ್ಬರಿಗೆ ಅದು ಲೆಕ್ಕಕ್ಕಿಲ್ಲ. ಎಸ್ಸೆಸ್ಸೆಲ್ಸಿ ಕೇಂದ್ರದಲ್ಲಿ ಎಲ್ಲರ ಕೈಗೂ ಒಂದೇ ಮಾದರಿ ಉತ್ತರ ಕೊಟ್ಟು, ಯಾವ ಹಂತಕ್ಕೆ ಎಷ್ಟು ಅಂತ ಮೊದಲೇ ಹೇಳುವುದು ಇದಕ್ಕೇ. ತಿದ್ದಿದ ಪತ್ರಿಕೆಗಳಲ್ಲಿ ಕೆಲವನ್ನು ಉಪ ಮುಖ್ಯ ಮೌಲ್ಯಮಾಪಕರು ಮತ್ತೆ ನೋಡುವುದೂ ಇದಕ್ಕೇ.

ಆದ್ದರಿಂದ ನಾನು ಕೇಳುವ ಮೊದಲ ಪ್ರಶ್ನೆ: ಆ ಅರ್ಧವಾರ್ಷಿಕ ಪತ್ರಿಕೆಗೆ ನಿಮ್ಮ ಹತ್ತಿರ ಬರೆದಿಟ್ಟ ಸ್ಕೀಮ್ ಇದೆಯಾ? ತಲೆಯಲ್ಲಿ ಇದೆ ಅಂದರೆ ಸಾಲದು. ಇಲ್ಲದಿದ್ದರೆ ಇವತ್ತು ರಾತ್ರಿ ಕೂತು ಬರೆಯಿರಿ, ಹಂತ ಹಂತಕ್ಕೂ ಅಂಕ ಹಾಕಿ. ಇವತ್ತಿನ ತಾರೀಕನ್ನೇ ಹಾಕಿ, ಹಿಂದಿನ ತಾರೀಕು ಹಾಕಬೇಡಿ. ಆಮೇಲೆ ಐದು ಪತ್ರಿಕೆ ತೆಗೆದುಕೊಳ್ಳಿ. ಒಂದು ಚೆನ್ನಾಗಿ ಬರೆದವರದ್ದು, ಒಂದು ಕಡಿಮೆ ಬಂದವರದ್ದು, ಎರಡು ನಡುವಿನವು, ಮತ್ತೆ ಈ ಹುಡುಗನದ್ದು. ಜೆರಾಕ್ಸ್ ಮಾಡಿಸಿ, ಕೆಂಪು ಇಂಕಿನ ಅಂಕಗಳ ಮೇಲೆ ಬಿಳಿ ಚೀಟಿ ಅಂಟಿಸಿ, ಹೆಸರು ಮುಚ್ಚಿ. ನಿಮ್ಮ ಶಾಲೆಯ ಅಥವಾ ಪಕ್ಕದ ಶಾಲೆಯ ಇನ್ನೊಬ್ಬ ಗಣಿತ ಶಿಕ್ಷಕರಿಗೆ ಸ್ಕೀಮ್ ಜೊತೆ ಕೊಡಿ. ಪಕ್ಕದ ಶಾಲೆಯವರಿಗೆ ಕೊಡುವುದಾದರೆ ಎಚ್ಎಂಗೆ ಹೇಳಿಯೇ ಕೊಡಿ. ಯಾವುದು ದೂರಿನ ಪತ್ರಿಕೆ ಅಂತ ಮಾತ್ರ ತಿದ್ದುವವರಿಗೆ ಹೇಳಬೇಡಿ. ಐದರಲ್ಲೂ ನಿಮಗೂ ಅವರಿಗೂ ಎರಡು ಮೂರು ಅಂಕದ ವ್ಯತ್ಯಾಸ ಬಂದರೆ ನಿಮ್ಮ ಕೈ ಸರಿ ಇದೆ. ಐದರಲ್ಲೂ ಅವರು ಹಾಕಿದ್ದಕ್ಕಿಂತ ನಿಮ್ಮದು ಏಳೆಂಟು ಕಡಿಮೆ ಇದ್ದರೆ ನೀವು ಇಡೀ ತರಗತಿಗೆ ಬಿಗಿ ಹಿಡಿದಿದ್ದೀರಿ. ಆಗ ಒಬ್ಬನಿಗಲ್ಲ, ಎಲ್ಲರಿಗೂ ಮತ್ತೆ ನೋಡಬೇಕಾಗುತ್ತದೆ. ಇವನೊಬ್ಬನದ್ದೇ ಬೇರೆ ಬಂದರೆ ಅವನ ಪತ್ರಿಕೆಯಲ್ಲಿ ಎಲ್ಲಿ ಅಂತ ಹುಡುಕಬೇಕು.

ನಾನು ಎಚ್ಎಂ ಆಗಿದ್ದಾಗ ನಡೆದದ್ದು ಹೇಳುತ್ತೇನೆ. ನಿಮ್ಮಂಥದ್ದೇ ದೂರು. 9ನೇ ತರಗತಿಯ ಹುಡುಗಿ, ಗಣಿತ, 80ಕ್ಕೆ 46. ತಂದೆ 60 ಆದರೂ ಬರಬೇಕಿತ್ತು ಅಂದರು. ಪತ್ರಿಕೆಯನ್ನು ಎರಡನೆಯವರಿಂದ ನೋಡಿಸಿದೆವು. ಮೂರು ಕಡೆ ಚರ್ಚೆ ಬಂತು.

ಒಂದು, ಹೆರಾನನ ಸೂತ್ರದ ಲೆಕ್ಕ. ಬಾಹುಗಳು 13, 14, 15. ಮೂರು ಅಂಕ. ಹುಡುಗಿ ಅರ್ಧ ಸುತ್ತಳತೆ 21 ಅಂತ ಸರಿಯಾಗಿ ತೆಗೆದಿದ್ದಳು, ಸೂತ್ರ ಬರೆದಿದ್ದಳು, ಆದರೆ 21ರಲ್ಲಿ 13 ಕಳೆದು 8 ಬರೆಯುವ ಬದಲು 7 ಬರೆದಿದ್ದಳು. ಹಾಗಾಗಿ 84 ಬರಬೇಕಾದ ಕಡೆ 78.6 ಬಂದಿತ್ತು. ಶಿಕ್ಷಕರು ಉತ್ತರ ತಪ್ಪು ಅಂತ 1 ಕೊಟ್ಟಿದ್ದರು. ಸ್ಕೀಮ್ ಪ್ರಕಾರ ಅರ್ಧ ಸುತ್ತಳತೆಗೆ 1, ಸೂತ್ರ ಬರೆದು ಬೆಲೆಗಳನ್ನು ಹಾಕಿದ್ದಕ್ಕೆ 1, ಕೊನೆಯ ಉತ್ತರಕ್ಕೆ 1. ಒಂದು ಕಳೆಯುವ ತಪ್ಪಿಗೆ ಒಂದೇ ಸಲ ಶಿಕ್ಷೆ. 2 ಕೊಡಬೇಕಿತ್ತು.

ಎರಡು, `6x² + 17x + 5` ಇದನ್ನು ಅಪವರ್ತಿಸುವ ಪ್ರಶ್ನೆ. ತರಗತಿಯಲ್ಲಿ ಮಧ್ಯಪದ ವಿಭಜಿಸುವ ವಿಧಾನ ಹೇಳಿಕೊಟ್ಟಿದ್ದರು. ಹುಡುಗಿ ಅಪವರ್ತನ ಪ್ರಮೇಯ ಬಳಸಿ `(3x + 1)(2x + 5)` ತಂದಿದ್ದಳು. ಶಿಕ್ಷಕರು "ವಿಧಾನ ಬೇರೆ" ಅಂತ ಬರೆದು 3ಕ್ಕೆ 1 ಹಾಕಿದ್ದರು. ಪ್ರಶ್ನೆಯಲ್ಲಿ ವಿಧಾನ ಹೇಳಿರಲಿಲ್ಲ. ಪೂರ್ತಿ 3 ಅವಳಿಗೆ ಸೇರಬೇಕಾದದ್ದು. ಟ್ಯೂಷನ್‌ನಲ್ಲಿ ಬೇರೆ ವಿಧಾನ ಕಲಿಯುವ ಮಕ್ಕಳಿಗೆ ಇದು ಪದೇ ಪದೇ ಆಗುತ್ತದೆ. ಮನೆಯವರಿಗೆ ಸಿಟ್ಟು ಬರುವುದೂ ಇಂಥ ಕಡೆಯೇ, ಅದು ನ್ಯಾಯವಾದ ಸಿಟ್ಟು.

ಮೂರು, ತ್ರಿಭುಜಗಳ ಸರ್ವಸಮತೆ, ನಾಲ್ಕು ಅಂಕ. ಹುಡುಗಿ ಎರಡು ಬಾಹು, ಅವುಗಳ ನಡುವೆ ಇರದ ಒಂದು ಕೋನ ಸಮ ಅಂತ ತೋರಿಸಿ ಸರ್ವಸಮ ಅಂತ ಮುಗಿಸಿದ್ದಳು. ಬಾ.ಕೋ.ಬಾ. ಆಗುತ್ತದೆ, ಬಾ.ಬಾ.ಕೋ. ಅಂತ ಒಂದು ನಿಯಮವೇ ಇಲ್ಲ. ಚಿತ್ರ ಮತ್ತು ದತ್ತಾಂಶಕ್ಕೆ 1½ ಕೊಟ್ಟಿದ್ದರು. ತಂದೆ "ಅರ್ಧ ಪುಟ ಬರೆದಿದ್ದಾಳೆ ಸರ್" ಅಂದರು. ಇಲ್ಲಿ ಅರ್ಧ ಅಂಕವೂ ಏರಲಿಲ್ಲ. ಏರಿಸಿದರೆ ಅವಳಿಗೆ ಆ ತಪ್ಪು ಸರಿ ಅಂತ ಹೇಳಿದ ಹಾಗೆ, ಮುಂದಿನ ವರ್ಷ ಸಮರೂಪತೆಯ ಪಾಠದಲ್ಲೂ ಅದೇ ತಪ್ಪು ಬರುತ್ತದೆ.

ಕೊನೆಗೆ 46 ಇದ್ದದ್ದು 49 ಆಯಿತು. ಮೂರು ಅಂಕ, ಹದಿನಾಲ್ಕಲ್ಲ. ಗ್ರಾಫ್ ಪ್ರಶ್ನೆಯಲ್ಲಿ ಎರಡನೆಯವರು ಒಂದು ಅಂಕ ಕಡಿಮೆ ಹಾಕಿದ್ದರು. ಅದನ್ನು ಕಳೆಯಲಿಲ್ಲ. ದೂರು ಕೊಟ್ಟದ್ದಕ್ಕೆ ಅಂಕ ಇಳಿಸಿದರು ಅಂತ ಆದರೆ ನಾಳೆ ನಿಜವಾದ ತಪ್ಪನ್ನೂ ಯಾರೂ ಬಂದು ಹೇಳುವುದಿಲ್ಲ. ಅಪವರ್ತನದ ಪ್ರಶ್ನೆಯಲ್ಲಿ ಬೇರೆ ವಿಧಾನ ಬಳಸಿದ ಇನ್ನೂ ಮೂವರು ಸಿಕ್ಕರು, ಅವರಿಗೂ ಏರಿಸಿದೆವು. ಅವರ ಮನೆಯವರು ಕೇಳಿಯೇ ಇರಲಿಲ್ಲ. ಆ ಶಿಕ್ಷಕರಿಗೆ ಮೊದಲು ಅವಮಾನ ಅನ್ನಿಸಿತು. ಅಂಕ ಬದಲಿಸಿದರೆ ಸೋತ ಹಾಗೆ ಅನ್ನುವುದು ನಮ್ಮಲ್ಲಿ ಬೇರೂರಿರುವ ಇನ್ನೊಂದು ತಪ್ಪು ಕಲ್ಪನೆ. ಸ್ಕೀಮ್ ನೋಡಿ ಬದಲಿಸಿದರೆ ಅದು ತಿದ್ದುಪಡಿ. ಯಾರೋ ಫೋನ್ ಮಾಡಿದರು ಅಂತ ಬದಲಿಸಿದರೆ ಅದು ಬೇರೆ.

ಇನ್ನು ಟ್ಯೂಷನ್ನಿನ 23. ಆ ತಾಯಿ ಸುಳ್ಳು ಹೇಳುತ್ತಿಲ್ಲ, ಬಹುಶಃ ಹುಡುಗನೂ ಮೋಸ ಮಾಡಿಲ್ಲ. ಟ್ಯೂಷನ್ ಟೆಸ್ಟ್ ಸಾಮಾನ್ಯವಾಗಿ ಒಂದೇ ಅಧ್ಯಾಯದ್ದು, ಅದೇ ವಾರ ಮುಗಿಸಿದ್ದು. ಯಾವ ಸೂತ್ರ ಹಾಕಬೇಕು ಅಂತ ಯೋಚಿಸುವ ಕೆಲಸವೇ ಅಲ್ಲಿಲ್ಲ, ಅಧ್ಯಾಯದ ಹೆಸರೇ ಅದನ್ನು ಹೇಳುತ್ತದೆ. ಅರ್ಧವಾರ್ಷಿಕದಲ್ಲಿ ಹಲವು ಅಧ್ಯಾಯ ಕಲೆಸಿ ಬರುತ್ತವೆ, ಜೂನ್‌ನಲ್ಲಿ ಕಲಿತದ್ದನ್ನು ನೆನಪಿಟ್ಟು ಆರಿಸಬೇಕು. ಎರಡೂ ಅಂಕಗಳು ನಿಜ, ಅಳೆದದ್ದು ಬೇರೆ. ಇದನ್ನು ಹೇಳುವಾಗ ಟ್ಯೂಷನ್ನಿನವರನ್ನು ಬೈಯಬೇಡಿ. ಆ ಟೆಸ್ಟ್ ಪತ್ರಿಕೆ ತರಿಸಿಕೊಂಡು ಹುಡುಗನ ಉತ್ತರದ ಪಕ್ಕ ಇಟ್ಟು ತೋರಿಸಿ.

ಇನ್ನು ಸೆಕ್ರೆಟರಿಯವರ ವಿಷಯ. ಅವರು ನಿಮಗೆ ವಿರುದ್ಧ ಅಂತ ನಿಮಗೆ ಅನ್ನಿಸಿದೆ. ಅವರು ಅಂಕವನ್ನೇ ನೋಡಿಲ್ಲ, ಮೂರು ಮಕ್ಕಳ ಫೀ ನೋಡಿದ್ದಾರೆ. ಅನುದಾನರಹಿತ ಶಾಲೆಯಲ್ಲಿ ನಿಮ್ಮ ಸಂಬಳವೂ ಆ ಫೀಯಿಂದಲೇ ಬರಬೇಕು. ಒಂದು ಮನೆ ಟಿ.ಸಿ. ತೆಗೆದುಕೊಂಡು ಹೋದರೆ ಅದೇ ಬೀದಿಯ ಇನ್ನೆರಡು ಮನೆ ಮುಂದಿನ ವರ್ಷ ಬರುವುದಿಲ್ಲ ಅನ್ನುವ ಭಯ ಅವರಿಗೆ ನಿಜವಾಗಿಯೂ ಇರುತ್ತದೆ. ಇನ್ನೊಂದು ವಿಷಯ ನಾನು ಎಚ್ಎಂ ಕುರ್ಚಿಯಲ್ಲಿ ಕೂತ ಮೇಲೆ ಗೊತ್ತಾಯಿತು. ನಿಮ್ಮನ್ನು ಕರೆಯುವ ಹೊತ್ತಿಗೆ ಅವರು ಸಾಮಾನ್ಯವಾಗಿ ಪೋಷಕರಿಗೆ "ನಾನು ನೋಡ್ತೀನಿ ಬಿಡಿ" ಅಂತ ಮಾತು ಕೊಟ್ಟಾಗಿರುತ್ತದೆ. ಆಮೇಲೆ ಅವರಿಗೆ ಬೇಕಾಗಿರುವುದು ಹನ್ನೆರಡು ಅಂಕ ಅಲ್ಲ, ಆ ಮನೆಗೆ ವಾಪಸ್ ಹೇಳಲು ಒಂದು ಮಾತು. ನೀವು "ಆಗಲ್ಲ" ಅಂತ ಮಾತ್ರ ಹೇಳಿದರೆ ಅವರ ಕೈ ಖಾಲಿ. "ನಿಮ್ಮ ಮಾತಿನ ಮೇಲೆ ಇನ್ನೊಬ್ಬ ಶಿಕ್ಷಕರಿಂದ ಪತ್ರಿಕೆ ಮತ್ತೆ ನೋಡಿಸಿದ್ದೇವೆ, ಶನಿವಾರ ತೋರಿಸುತ್ತೇವೆ" ಅಂತ ಹೇಳಲು ಬಿಟ್ಟರೆ ಅವರ ಮಾತೂ ಉಳಿಯುತ್ತದೆ.

ಆದ್ದರಿಂದ ಅವರ ಹತ್ತಿರ ಹೋಗುವಾಗ ಮೊದಲು ಎಚ್ಎಂ ಜೊತೆ ಹತ್ತು ನಿಮಿಷ ಮಾತಾಡಿ. ಅವರು ಸುಮ್ಮನಿದ್ದದ್ದು ಒಪ್ಪಿಗೆ ಅಂತ ತಿಳಿಯಬೇಡಿ. ಮಂಡಳಿಯ ಎದುರು ಮೊದಲ ಸಲಕ್ಕೆ ಮಾತಾಡುವ ಎಚ್ಎಂ ಕಡಿಮೆ. ಐದು ಪತ್ರಿಕೆಯ ಫಲಿತಾಂಶ ಅವರ ಕೈಗೆ ಕೊಟ್ಟರೆ ಅವರಿಗೂ ಮಾತಾಡಲು ಧೈರ್ಯ ಬರುತ್ತದೆ.

ಪೋಷಕರ ಭೇಟಿಯನ್ನು ಸ್ಟಾಫ್ ರೂಮಿನ ಬಾಗಿಲಲ್ಲಿ ಮಾಡಬೇಡಿ. ಎಚ್ಎಂ ಕೊಠಡಿಯಲ್ಲಿ, ಎಚ್ಎಂ ಎದುರಲ್ಲಿ, ಇಪ್ಪತ್ತು ನಿಮಿಷ. ಉತ್ತರ ಪತ್ರಿಕೆ ತೋರಿಸಲೇಬೇಕಾ ಅಂತ ಕೆಲವು ಶಿಕ್ಷಕರು ಕೇಳುತ್ತಾರೆ. ತೋರಿಸಿ. ಪಬ್ಲಿಕ್ ಪರೀಕ್ಷೆಯಲ್ಲೇ ತಮ್ಮ ಉತ್ತರ ಪತ್ರಿಕೆ ನೋಡುವ ಹಕ್ಕು ಮಾಹಿತಿ ಹಕ್ಕು ಕಾಯ್ದೆಯಡಿ ವಿದ್ಯಾರ್ಥಿಗಳಿಗೆ ಇದೆ ಅಂತ ಸುಪ್ರೀಂ ಕೋರ್ಟ್ 2011ರಲ್ಲಿ ಸಿಬಿಎಸ್ಇ ಪ್ರಕರಣದಲ್ಲಿ ಹೇಳಿದೆ. ಆ ಕಾಯ್ದೆ ನಿಮ್ಮ ಶಾಲೆಗೆ ನೇರವಾಗಿ ಅನ್ವಯಿಸದೆ ಇರಬಹುದು, ಆದರೆ ಮುಚ್ಚಿಟ್ಟಷ್ಟೂ ಅನುಮಾನ ಜಾಸ್ತಿ ಅನ್ನುವುದು ಎಲ್ಲ ಕಡೆಯೂ ಅಷ್ಟೇ. ಎಷ್ಟು ಅಂಕ ಏರಿದೆ ಅನ್ನುವುದನ್ನು ಮೊದಲು ಹೇಳಿ, ಏರದ ಪ್ರಶ್ನೆಗಳನ್ನು ಆಮೇಲೆ. ಹುಡುಗ ಜೊತೆಯಲ್ಲಿದ್ದರೆ ಸ್ಕೀಮ್ ಅವನ ಕೈಗೇ ಕೊಟ್ಟು, ಈ ಉತ್ತರಕ್ಕೆ ನೀನೇ ಎಷ್ಟು ಹಾಕ್ತೀಯಾ ಅಂತ ಕೇಳಿ. ನನ್ನ ಅನುಭವದಲ್ಲಿ ಮಕ್ಕಳು ಪ್ರಾಮಾಣಿಕವಾಗಿ ಹಾಕುತ್ತಾರೆ, ಎಷ್ಟೋ ಸಲ ನಾವು ಕೊಟ್ಟದ್ದಕ್ಕಿಂತ ಕಡಿಮೆ. ಅವನು ತುಂಬಾ ಸಂಕೋಚದವನಾದರೆ ತಂದೆ ತಾಯಿ ಎದುರು ಇದನ್ನು ಮಾಡಿಸಬೇಡಿ. ಬೇರೆ ಮಗುವಿನ ಪತ್ರಿಕೆಯನ್ನು ಮಾತ್ರ ಹೋಲಿಕೆಗೆ ತೋರಿಸಬೇಡಿ, ಎಷ್ಟು ಒತ್ತಾಯಿಸಿದರೂ. ಗ್ರೂಪಿನಲ್ಲಿ ಬರೆದದ್ದಕ್ಕೆ ಉತ್ತರ ಎಚ್ಎಂ ಕೊಡಲಿ, ಒಂದೇ ಸಾಲು: ಅಂಕದ ಬಗ್ಗೆ ಪ್ರಶ್ನೆ ಇರುವವರು ಪ್ರಶ್ನೆ ಸಂಖ್ಯೆ ಬರೆದು ಕಚೇರಿಗೆ ಕೊಡಿ, ಏಳು ದಿನದಲ್ಲಿ ನೋಡುತ್ತೇವೆ. ಪ್ರಶ್ನೆ ಸಂಖ್ಯೆ ಬರೆಯಬೇಕು ಅಂದ ತಕ್ಷಣ "ಕಡಿಮೆ ಹಾಕಿದ್ದಾರೆ" ಅನ್ನುವ ದೂರು "12ನೇ ಪ್ರಶ್ನೆಗೆ ಯಾಕೆ 1" ಅನ್ನುವ ದೂರಾಗುತ್ತದೆ. ಅದಕ್ಕೆ ಉತ್ತರ ಕೊಡಬಹುದು.

ಇಷ್ಟಾದ ಮೇಲೂ "ಹನ್ನೆರಡು ಹಾಕಿ" ಅಂದರೆ?

ಹಾಕಿಬಿಡುವುದು ಸುಲಭ. ನಾನೂ ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಶಾಲೆಯಲ್ಲಿ ಹಾಗೆ ಮಾಡಿದ್ದೆ. 38 ಇದ್ದದ್ದನ್ನು 50 ಮಾಡಿದೆ. ಎರಡು ವಾರದಲ್ಲಿ ನಾಲ್ಕು ಮನೆಯವರು ಬಂದರು, ಮಕ್ಕಳು ಮಕ್ಕಳ ಹತ್ತಿರ ಹೇಳಿಕೊಂಡಿದ್ದರು. ಆಗ ಅವರಿಗೆ ಹೇಳಲು ನನ್ನ ಹತ್ತಿರ ಕಾರಣವೇ ಇರಲಿಲ್ಲ. "ಯಾರು ಬದಲಿಸಿದ್ದು?" ಅಂತ ಮಂಡಳಿಯವರು ನನ್ನನ್ನೇ ಕೇಳಿದರು. ಅಂಕವಹಿಯಲ್ಲಿ ಇದ್ದದ್ದು ನನ್ನ ಸಹಿ ಒಂದೇ. ಒಪ್ಪಿದರೆ ನಿಮ್ಮ ತಲೆಗೆ ಬರುತ್ತದಾ ಅಂತ ಕೇಳಿದಿರಲ್ಲ, ಹೌದು, ಹೀಗೇ ಬರುತ್ತದೆ. ಇದರಿಂದ ಹುಡುಗನಿಗೂ ಲಾಭವಿಲ್ಲ. 9ನೇ ತರಗತಿಯ ಅರ್ಧವಾರ್ಷಿಕದ ಅಂಕ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಬರುವುದಿಲ್ಲ. ಅವನಿಗೆ ಎಲ್ಲಿ ಗೊತ್ತಿಲ್ಲ ಅಂತ ತಿಳಿಸುವುದಷ್ಟೇ ಅದರ ಕೆಲಸ.

ಮುಖ ಮುರಿದು ನಿರಾಕರಿಸಿದರೆ ಅಂಕ ಉಳಿಯುತ್ತದೆ, ಆದರೆ ನೀವು ಖಾಯಂ ಆಗಿಲ್ಲದಿದ್ದರೆ ಮುಂದಿನ ವರ್ಷ ಮುಂದುವರಿಸದೆ ಇರಬಹುದು. ಆ ಅಪಾಯವನ್ನು ನಾನು ಸಣ್ಣದು ಅಂತ ಹೇಳುವುದಿಲ್ಲ.

ನಾನು ಹೇಳುವ ದಾರಿ ನಡುವಿನದ್ದು. ಅಂಕ ಬದಲಿಸಲೇಬೇಕು ಅಂದರೆ ಬದಲಿಸುವವರು ತಮ್ಮ ಕೈಯಿಂದ ಬದಲಿಸಲಿ. ನೀವು ಕೊಟ್ಟ ಅಂಕದ ಮೇಲೆ ವೈಟ್ನರ್ ಬೀಳಬಾರದು. ಒಂದೇ ಗೆರೆ ಎಳೆದು, ಪಕ್ಕದಲ್ಲಿ ಹೊಸ ಅಂಕ, ಎಚ್ಎಂ ಸಹಿ, ತಾರೀಕು. ಅದೇ ದಿನ ಎಚ್ಎಂಗೆ ಒಂದು ಸಣ್ಣ ಸಂದೇಶ ಕಳಿಸಿ, ಹೀಗೆ:

"ಸರ್, 9ನೇ ತರಗತಿ ಗಣಿತ ಅರ್ಧವಾರ್ಷಿಕದ ಆ ಪತ್ರಿಕೆಯನ್ನು ಸ್ಕೀಮ್ ಪ್ರಕಾರ ಎರಡನೇ ಸಲ ನೋಡಿದಾಗ 44 ಅಂಕ ಬಂದಿದೆ. ಅದಕ್ಕಿಂತ ಹೆಚ್ಚು ಕೊಡಲು ನನಗೆ ಕಾರಣ ಕಾಣಲಿಲ್ಲ. ಆಡಳಿತ ಮಂಡಳಿಯ ತೀರ್ಮಾನ ಬೇರೆ ಇದ್ದರೆ ದಯವಿಟ್ಟು ತಾವೇ ದಾಖಲಿಸಬೇಕಾಗಿ ವಿನಂತಿ."

ಇಷ್ಟೇ. ಬೆದರಿಕೆ ಬೇಡ, ಕಾಯ್ದೆಯ ಹೆಸರು ಬೇಡ. 44 ಅನ್ನುವ ಜಾಗದಲ್ಲಿ ನಿಮಗೆ ಬಂದ ಅಂಕ ಹಾಕಿ. ಈ ಸಂದೇಶ ಹೋದ ಮೇಲೆ ಬಹಳ ಮಂಡಳಿಗಳು ಹಿಂದೆ ಸರಿಯುತ್ತವೆ, ಯಾಕೆಂದರೆ ತಮ್ಮ ಸಹಿ ಹಾಕಿ ಅಂಕ ಏರಿಸಲು ಯಾರಿಗೂ ಇಷ್ಟವಿಲ್ಲ. ಸರಿಯದೆಯೂ ಇರಬಹುದು. ಸಿಟ್ಟಿನಲ್ಲಿ ನಿಮ್ಮ ತರಗತಿ ಬದಲಿಸಬಹುದು, ಮೆಮೊ ಕೊಡಬಹುದು. ಮೆಮೊ ಬಂದರೆ ತೆಗೆದುಕೊಳ್ಳಿ, ಬರಹದಲ್ಲೇ ಉತ್ತರಿಸಿ, ಸ್ವೀಕೃತಿ ಪಡೆಯಿರಿ. ಆ ಪೋಷಕರು ಬಿಇಒ ಕಚೇರಿಗೆ ದೂರು ಕೊಡುತ್ತೇನೆ ಅಂದರೂ ಹೆದರಬೇಡಿ. ಅಲ್ಲಿಂದ ಕೇಳುವುದು ದಾಖಲೆ. ಉತ್ತರ ಪತ್ರಿಕೆ, ಸ್ಕೀಮ್, ಎರಡನೇ ಮೌಲ್ಯಮಾಪನದ ಹಾಳೆ ನಿಮ್ಮಲ್ಲಿ ಇದ್ದರೆ ಮಾತಿಗೆ ಆಧಾರ ಇದೆ.

ಕೆಲಸದ ವಿಷಯ. ಕರ್ನಾಟಕ ಶಿಕ್ಷಣ ಕಾಯ್ದೆ 1983ರ 92ನೇ ಸೆಕ್ಷನ್ ಪ್ರಕಾರ ಖಾಸಗಿ ಶಾಲೆಯ ಶಿಕ್ಷಕರನ್ನು ಆರೋಪ ತಿಳಿಸದೆ, ವಿಚಾರಣೆ ಮಾಡದೆ ವಜಾ ಮಾಡುವ ಹಾಗಿಲ್ಲ. ಹಾಗೆ ಮಾಡಿದರೆ 94ನೇ ಸೆಕ್ಷನ್ ಅಡಿಯಲ್ಲಿ ಮೂರು ತಿಂಗಳ ಒಳಗೆ ಶೈಕ್ಷಣಿಕ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ಆದರೆ ನಿಮ್ಮ ನೇಮಕ ಒಂದೊಂದು ವರ್ಷದ ಒಪ್ಪಂದದ ಮೇಲಿದ್ದು, ಅವಧಿ ಮುಗಿದ ಮೇಲೆ ಮುಂದುವರಿಸದಿದ್ದರೆ ಈ ರಕ್ಷಣೆ ಬಹಳ ತೆಳುವಾಗುತ್ತದೆ. ಸಿಬಿಎಸ್ಇ, ಐಸಿಎಸ್ಇ ಶಾಲೆಗಳ ಶಿಕ್ಷಕರು ಇದೇ ದಾರಿ ತಮಗೂ ಇದೆ ಅಂತ ಭಾವಿಸದೆ ಮೊದಲು ವಕೀಲರನ್ನು ಕೇಳಬೇಕು. ಮತ್ತೆ ಒಂದು ಮುಖ್ಯ ಮಾತು: ನೀವೇ ರಾಜೀನಾಮೆ ಬರೆದುಕೊಟ್ಟರೆ ಅದು ವಜಾ ಅಲ್ಲ, ಮೇಲ್ಮನವಿಯ ದಾರಿ ಬಹುತೇಕ ಮುಚ್ಚುತ್ತದೆ. "ಬರೆದುಕೊಡಿ, ಹರಿದು ಹಾಕ್ತೀವಿ" ಅಂತ ಖಾಲಿ ಹಾಳೆಗೆ ಸಹಿ ಕೇಳಿದರೂ ಕೊಡಬೇಡಿ.

ಮನೆಗೆ ಹೋಗಿ ನೇಮಕಾತಿ ಆದೇಶ ಹುಡುಕಿ. ಅದರಲ್ಲಿ ಅವಧಿ ಎಷ್ಟು ಅಂತ ಬರೆದಿದೆ, ಪ್ರೊಬೇಷನ್ ಮುಗಿದಿದೆಯಾ ನೋಡಿ. ಸಂಬಳ ಬ್ಯಾಂಕಿಗೆ ಬರುತ್ತಿದ್ದರೆ ಮೂರು ವರ್ಷದ ಸ್ಟೇಟ್‌ಮೆಂಟ್ ತೆಗೆಸಿಡಿ. ನಿಮ್ಮ ಮೂಲ ಅಂಕಪಟ್ಟಿಗಳು ಶಾಲೆಯ ಬೀರುವಿನಲ್ಲಿದ್ದರೆ, ಈ ಜಗಳದ ಮಾತೆತ್ತದೆ, ಬೇರೆ ಅರ್ಜಿಗೆ ಬೇಕು ಅಂತ ಕೇಳಿ ವಾಪಸ್ ತೆಗೆದುಕೊಳ್ಳಿ. ಮೂರು ವರ್ಷದಲ್ಲಿ ಆದೇಶದ ಪ್ರತಿಯನ್ನೇ ಕೊಟ್ಟಿಲ್ಲ ಅಂತಾದರೆ ಮೊದಲ ಕೆಲಸ ಅದನ್ನು ಬರಹದಲ್ಲಿ ಕೇಳುವುದು.

ಮುಂದಿನ ಪರೀಕ್ಷೆಗೆ ಒಂದು ಬದಲಾವಣೆ ಮಾಡಿ ನೋಡಿ. ಪತ್ರಿಕೆ ಪತ್ರಿಕೆಯಾಗಿ ತಿದ್ದುವ ಬದಲು ಪ್ರಶ್ನೆ ಪ್ರಶ್ನೆಯಾಗಿ ತಿದ್ದಿ. ನಲವತ್ತು ಮಕ್ಕಳ 12ನೇ ಪ್ರಶ್ನೆ ಒಟ್ಟಿಗೆ, ಆಮೇಲೆ 13. ಹಿಂದಿನ ಉತ್ತರ ನೋಡಿ ಬಂದ ಅಭಿಪ್ರಾಯ ಮುಂದಿನದಕ್ಕೆ ಅಂಟುವುದಿಲ್ಲ. ಒಂದು ಪ್ರಶ್ನೆಗೆ ನಲವತ್ತರಲ್ಲಿ ಮೂವತ್ತು ಮಂದಿಗೆ ಸೊನ್ನೆ ಬಂದರೆ ಪ್ರಶ್ನೆಯಲ್ಲೋ ಪಾಠದಲ್ಲೋ ಏನೋ ಆಗಿದೆ ಅಂತ ಅಲ್ಲೇ ಗೊತ್ತಾಗುತ್ತದೆ. ಪತ್ರಿಕೆ ಕೊಡುವ ದಿನ ಸ್ಕೀಮ್ ತರಗತಿಯ ಗೋಡೆಗೆ ಹಚ್ಚಿ. ನಾವು ಹಚ್ಚಲು ಶುರು ಮಾಡಿದ ವರ್ಷ ಮಕ್ಕಳೇ ಮಧ್ಯಾಹ್ನದ ಬಿಡುವಿನಲ್ಲಿ ಪತ್ರಿಕೆ ಹಿಡಿದುಕೊಂಡು ಗೋಡೆ ಹತ್ತಿರ ನಿಲ್ಲುತ್ತಿದ್ದರು. ಕೂಡಿಸುವ ತಪ್ಪು, ತಿದ್ದದೆ ಬಿಟ್ಟ ಹಾಳೆ ಎಲ್ಲವೂ ಸಂಜೆಯೊಳಗೆ ಸಿಕ್ಕಿಬಿಡುತ್ತಿದ್ದವು, ಪತ್ರಿಕೆ ಮನೆಗೆ ಹೋಗುವ ಮೊದಲೇ.